ಸ್ವಪರಿಚಯದ ಮೊದಲ ವಾಕ್ಯ

ಖರೀದಿದಾರರ ಮತ್ತು ಮಾರಾಟಗಾರರ ಸಮಾವೇಶಗಳಲ್ಲಿ ಸಣ್ಣ ಉದ್ಯಮಿಗಳು ತಮ್ಮನ್ನು ಪರಿಚಯಿಸಿಕೊಳ್ಳುವ ಕ್ರಮ ಬಹುಮಟ್ಟಿಗೆ ಒಂದೇ ಬಗೆಯದು. ಹೆಸರು, ಸಂಸ್ಥೆಯ ಹೆಸರು, ಹುದ್ದೆ, ಬಳಿಕ ಭೇಟಿಚೀಟಿ. ಬೆಳಿಗ್ಗೆಯಿಂದ ಮೂವತ್ತು ನಲವತ್ತು ಮಂದಿಯಿಂದ ಇದನ್ನೇ ಕೇಳಿದ ಖರೀದಿ ಅಧಿಕಾರಿಗೆ ಸಂಜೆಯ ವೇಳೆಗೆ ಯಾರು ಏನು ತಯಾರಿಸುತ್ತಾರೆಂಬುದೂ ನೆನಪಿನಲ್ಲಿ ಉಳಿದಿರುವುದಿಲ್ಲ. ಕೆಲವರು ಇದಕ್ಕೆ 'ಇಪ್ಪತ್ತೈದು ವರ್ಷಗಳ ಅನುಭವ' ಎಂಬುದನ್ನು ಸೇರಿಸುತ್ತಾರೆ. ಅದು ಹೇಳುವವರಿಗೆ ಹೆಮ್ಮೆಯ ವಿಷಯ, ಕೇಳುವವರಿಗೆ ಅಷ್ಟೇನೂ ಉಪಯೋಗವಿಲ್ಲದ್ದು.

ಬೆಳಗಾವಿಯ ಒಂದು ಎರಕದ ಕಾರ್ಖಾನೆಯನ್ನು ಉದಾಹರಣೆಗೆ ಊಹಿಸಿಕೊಳ್ಳಬಹುದು. ಅಲ್ಲಿ ನೀರೆತ್ತುವ ಪಂಪುಗಳಿಗೆ ಬೀಡುಕಬ್ಬಿಣದ ಕೇಸಿಂಗ್ ತಯಾರಾಗುತ್ತದೆ. ಮಾಲೀಕರು ಪಂಪ್ ತಯಾರಕರೊಬ್ಬರ ಎದುರು ಕುಳಿತಿದ್ದಾರೆ. ಆ ಖರೀದಿದಾರರ ಚಿಂತೆ ಎರಕದ ಬೆಲೆಯೊಂದೇ ಅಲ್ಲ. ಹೊರಗಿನಿಂದ ನಯವಾಗಿ ಕಾಣುವ ಕೇಸಿಂಗನ್ನು ಲೇತಿಗೆ ಏರಿಸಿ ಮೇಲ್ಪದರ ತೆಗೆದ ಮೇಲೆ ಒಳಗಿನ ಗಾಳಿರಂಧ್ರ ಬಯಲಾಗುತ್ತದೆ. ಅಷ್ಟರಲ್ಲಿ ಯಂತ್ರದ ಹೊತ್ತು, ಕಾರ್ಮಿಕರ ಕೂಲಿ ಎರಡೂ ವ್ಯರ್ಥವಾಗಿರುತ್ತವೆ. ಮಾಲೀಕರ ಮೊದಲ ವಾಕ್ಯ ಈ ಚಿಂತೆಯನ್ನೇ ಮುಟ್ಟಬೇಕು: 'ನಮಸ್ಕಾರ, ಬೆಳಗಾವಿಯಿಂದ ಬಂದಿದ್ದೇವೆ. ಕಳೆದ ವರ್ಷ ನಾವು ಕಳಿಸಿದ ಪಂಪ್ ಕೇಸಿಂಗ್‌ಗಳಲ್ಲಿ ನಲವತ್ತಕ್ಕೆ ಒಂದು ಮಾತ್ರ ಗಿರಾಕಿಗಳಿಂದ ವಾಪಸು ಬಂದಿದೆ.' ಹೆಸರು ಮತ್ತು ಸಂಸ್ಥೆಯ ಹೆಸರು ಇದರ ಬೆನ್ನಿಗೆ ಬಂದರೆ ಸಾಕು.

ಈ 'ನಲವತ್ತಕ್ಕೆ ಒಂದು' ಎಂಬುದು ಬಾಯಿಗೆ ಬಂದ ಅಂಕಿಯಾಗಿರಬಾರದು. ವರ್ಷದಲ್ಲಿ 2,400 ಕೇಸಿಂಗ್‌ಗಳು ಹೋಗಿವೆ ಎಂದುಕೊಳ್ಳೋಣ. ವಾಪಸಾದ ಮಾಲಿಗೆ ಹೊರಡಿಸಿದ ಕ್ರೆಡಿಟ್ ನೋಟುಗಳನ್ನು ಕೂಡಿಸಿದರೆ 36 ಸಿಗುತ್ತವೆ, ಅಂದರೆ ನೂರಕ್ಕೆ ಒಂದೂವರೆ. ಅನೇಕರು ಇಲ್ಲಿಗೇ ನಿಲ್ಲುತ್ತಾರೆ. ಆದರೆ ಹಳೆಯ ಗಿರಾಕಿಗಳ ವಿಷಯದಲ್ಲಿ ದೋಷವಿರುವ ಮಾಲಿಗೆ ಕ್ರೆಡಿಟ್ ನೋಟು ಕೊಡದೆ, ಡೆಲಿವರಿ ಚಲನ್ ಮೇಲೆ ಬದಲಿ ಮಾಲನ್ನು ಕಳಿಸಿಬಿಡುವ ರೂಢಿಯೂ ಉಂಟು. ಅವು ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ, ಗೇಟಿನ ರಿಜಿಸ್ಟರಿನಲ್ಲಿ ಮಾತ್ರ ಕಾಣುತ್ತವೆ. ಅಂಥವು 24 ಇದ್ದರೆ ಒಟ್ಟು 60 ಆಗುತ್ತದೆ, ನಿಜವಾದ ಪ್ರಮಾಣ ನೂರಕ್ಕೆ ಎರಡೂವರೆ. ಒಂದೂವರೆ ಎಂದು ಹೇಳಿ ಬಂದ ಮಾಲೀಕರು, ಖರೀದಿದಾರರು ಕಾರ್ಖಾನೆಗೆ ಭೇಟಿ ಕೊಟ್ಟು ಗೇಟಿನ ರಿಜಿಸ್ಟರ್ ತಿರುವಿದ ದಿನ ತಲೆತಗ್ಗಿಸಬೇಕಾಗುತ್ತದೆ. 'ಒಂದೂ ವಾಪಸಾಗಿಲ್ಲ' ಎಂಬ ಮಾತಂತೂ ಎರಕದ ವ್ಯವಹಾರ ಬಲ್ಲವರಲ್ಲಿ ನಗೆಯನ್ನಷ್ಟೇ ಹುಟ್ಟಿಸೀತು.

ಅದೇ ವಾಕ್ಯ ಎಲ್ಲರೆದುರೂ ಸಲ್ಲುವುದಿಲ್ಲ ಎಂಬುದನ್ನೂ ಗಮನಿಸಬೇಕು. ವಾಹನದ ಬಿಡಿಭಾಗಗಳನ್ನು ಕೊಳ್ಳುವ ದೊಡ್ಡ ಕಂಪನಿಗಳು ದೋಷವನ್ನು ದಶಲಕ್ಷಕ್ಕೆ ಎಷ್ಟು ಎಂದು ಎಣಿಸುತ್ತವೆ. ನಲವತ್ತಕ್ಕೆ ಒಂದು ಎಂದರೆ ಅವರ ಲೆಕ್ಕದಲ್ಲಿ ದಶಲಕ್ಷಕ್ಕೆ 25,000. ಪಂಪಿನವರಿಗೆ ಸಮಾಧಾನ ತರಬಹುದಾದ ಮಾತು ಇಲ್ಲಿ ಬಾಗಿಲನ್ನೇ ಮುಚ್ಚುತ್ತದೆ. ಅಂಥ ಕಡೆ ಬೇರೊಂದು ಬಲವನ್ನು ಮುಂದಿಡುವುದು ಜಾಣತನ. 'ದೋಷ ಕಂಡ ಎರಕಕ್ಕೆ ಹತ್ತು ದಿನದೊಳಗೆ ಬದಲಿ ಮಾಲು ನಿಮ್ಮ ಗೇಟಿಗೆ ತಲುಪುತ್ತದೆ' ಎನ್ನಬಹುದು, ಅದೂ ಹಿಂದಿನ ಚಲನ್‌ಗಳ ದಿನಾಂಕಗಳು ಆ ಮಾತಿಗೆ ಸಾಕ್ಷಿ ನುಡಿಯುವಂತಿದ್ದರೆ ಮಾತ್ರ.

ಮಾತು ಕಲಿಸುವ ತರಬೇತುದಾರರು ಪ್ರಶ್ನೆಯಿಂದ ಆರಂಭಿಸಿರೆಂದು ಸಲಹೆ ಕೊಡುವುದುಂಟು. 'ನಿಮ್ಮಲ್ಲಿ ಎಷ್ಟು ಮಾಲು ತಿರಸ್ಕೃತವಾಗುತ್ತದೆ?' ಎಂಬಂಥ ಪ್ರಶ್ನೆ ಅದಕ್ಕೆ ಮಾದರಿ. ನಮ್ಮ ಕಡೆಯ ವ್ಯಾಪಾರಿ ಮರ್ಯಾದೆಗೆ ಇದು ಒಗ್ಗುವುದಿಲ್ಲ. ವಯಸ್ಸಿನಲ್ಲಿ ಹಿರಿಯರಾದ ಉದ್ಯಮಿಯೊಬ್ಬರು ತಮ್ಮ ಅಧಿಕಾರಿಗಳ ನಡುವೆ ಕುಳಿತಿರುವಾಗ ಅಪರಿಚಿತರು ಅವರ ಮನೆಯ ಹುಳುಕನ್ನು ಕೇಳಿದಂತಾಗುತ್ತದೆ. ತನ್ನ ಲೆಕ್ಕವನ್ನು ತಾನೇ ಮೊದಲು ಹೇಳಿದರೆ ಆ ಹಿರಿಯರು ತಮ್ಮದನ್ನು ತಾವಾಗಿಯೇ ಹೇಳಿಯಾರು.

ತಯಾರಕರಲ್ಲದ ವರ್ತಕರಿಗೂ ದಾರಿ ಇದೇ. ಹಾರ್ಡ್‌ವೇರ್ ವರ್ತಕರು 'ನಾನು ಹೋಲ್‌ಸೇಲ್ ಡೀಲರ್' ಎನ್ನುವ ಬದಲು, 'ಮಧ್ಯಾಹ್ನದೊಳಗೆ ಫೋನ್ ಮಾಡಿದ ಗುತ್ತಿಗೆದಾರರಿಗೆ ಅದೇ ಸಂಜೆ ಪೈಪು, ಫಿಟಿಂಗ್ ಕಟ್ಟಡದ ಬಳಿಗೆ ತಲುಪಿಸುತ್ತೇವೆ' ಎನ್ನಬಹುದು. ಬಿಲ್ಲಿನ ಪುಸ್ತಕವನ್ನು ಒಂದು ತಿಂಗಳಷ್ಟು ಹಿಂದಕ್ಕೆ ತಿರುವಿದರೆ ಆ ಮಾತು ಎಷ್ಟು ಸಲ ನಡೆದಿದೆ, ಎಷ್ಟು ಸಲ ತಪ್ಪಿದೆ ಎಂಬುದು ತಿಳಿಯುತ್ತದೆ.

ವಾಕ್ಯವನ್ನು ಹೇಳಿದ ಮೇಲೆ ಸುಮ್ಮನಿರುವುದು ಕಷ್ಟದ ಕೆಲಸ. ಬಹಳಷ್ಟು ಮಂದಿ ಕೂಡಲೇ ಯಂತ್ರಗಳ ಪಟ್ಟಿಯನ್ನು ಒಪ್ಪಿಸತೊಡಗುತ್ತಾರೆ. ಎದುರಿಗಿದ್ದವರು 'ಯಾವ ಗ್ರೇಡು, ಎಫ್‌ಜಿ 200 ತಾನೆ?' ಎಂದೋ, 'ಒಂದೊಂದರ ತೂಕವೆಷ್ಟು?' ಎಂದೋ ಕೇಳಿದರೆ ಮಾತು ನಾಟಿದೆ ಎಂದು ತಿಳಿಯಬೇಕು. ಭೇಟಿಚೀಟಿಯನ್ನು ಚಾಚಲು ಅದು ಸರಿಯಾದ ಹೊತ್ತು.