‘ಅನುಕೂಲವಾದಾಗ’ ಎಂದು ಬರೆಯಬೇಡಿ

ಲೋಕ ಅದಾಲತ್ ನಡೆದ ಮರುದಿನ ಪತ್ರಿಕೆಗಳಲ್ಲಿ ಒಂದು ಫೋಟೊ ಇದ್ದೇ ಇರುತ್ತದೆ. ವಿಚ್ಛೇದನಕ್ಕೆ ಬಂದ ದಂಪತಿ ಹಾರ ಬದಲಿಸಿಕೊಂಡು ನಗುತ್ತಿರುತ್ತಾರೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಅಜ್ಜಿ ಅಂಥದ್ದೇ ಫೋಟೊಗೆ ಕಾದಿದ್ದಳು. ಅದು ಬರಲಿಲ್ಲ, ಅವ್ವ ಅಪ್ಪ ಬೇರೆಯಾದರು. ಆದರೂ ಅವರ ಮಧ್ಯಸ್ಥಿಕೆ ಸೋತಿತೆಂದು ನಾನು ಒಪ್ಪುವುದಿಲ್ಲ. ಮದುವೆ ಉಳಿಯದಿದ್ದರೂ ನನ್ನ ದಿನಚರಿ ಉಳಿದದ್ದು ಅಲ್ಲಿಯೇ.

ಅದಕ್ಕೂ ಮೊದಲು ಒಂದು ವರ್ಷ ಹಿರಿಯರ ಬಾಯಿಮಾತಿನ ಒಪ್ಪಂದವಿತ್ತು: ‘ಅನುಕೂಲವಾದಾಗ ಅಪ್ಪ ಬಂದು ಹುಡುಗನನ್ನು ಕರೆದೊಯ್ಯಬಹುದು.’ ಯಾರ ಅನುಕೂಲ? ಎಷ್ಟೋ ಶನಿವಾರ ಬ್ಯಾಗ್ ಹಿಡಿದು ಹುಬ್ಬಳ್ಳಿಯ ಮನೆಯ ಕಟ್ಟೆ ಮೇಲೆ ಕೂತಿರುತ್ತಿದ್ದೆ. ಅಪ್ಪ ಧಾರವಾಡದಿಂದ ಬಂದರೆ ಅವ್ವನ ಮುಖ ಬಿಗಿಯುತ್ತಿತ್ತು, ಬರದಿದ್ದರೆ ನನ್ನದು. ಒಂದು ತಿಂಗಳು ಹಣ ತಡವಾದಾಗ ಅವ್ವ, ‘ಮೊದಲ ರೊಕ್ಕ ಹಾಕು, ಆಮ್ಯಾಲೆ ಹುಡುಗನ್ನ ಕಳಸ್ತೀನಿ’ ಎಂದಳು. ಈ ಮಾತು ಬಂತೆಂದರೆ ವ್ಯವಸ್ಥೆ ಕೆಟ್ಟಿದೆ ಎಂದೇ ತಿಳಿಯಬೇಕು. ಭೇಟಿಗೂ ಹಣಕ್ಕೂ ಗಂಟು ಹಾಕಿದರೆ ಮಗು ರಸೀದಿಯಾಗುತ್ತದೆ.

ಇಬ್ಬರನ್ನೂ ಒಪ್ಪಂದಕ್ಕೆ ತರಲು ಯತ್ನಿಸುವುದು ಕೌಟುಂಬಿಕ ನ್ಯಾಯಾಲಯದ ಕರ್ತವ್ಯ ಎಂದು 1984ರ ಕಾಯ್ದೆಯೇ ಹೇಳುತ್ತದೆ. ಹಾಗೆ ನಮ್ಮ ಪ್ರಕರಣ ಮಧ್ಯಸ್ಥಿಕೆಗೆ ಹೋಯಿತು. ಮಧ್ಯಸ್ಥರು ವಕೀಲೆ. ಮೊದಲು ಇಬ್ಬರನ್ನೂ ಕೂಡಿಸಿ, ಆಮೇಲೆ ಒಬ್ಬೊಬ್ಬರನ್ನೇ ಮಾತಾಡಿಸಿದರು. ಅವರು ತೀರ್ಪು ಕೊಡುವವರಲ್ಲ. ಅಲ್ಲಿ ಆಡಿದ ಮಾತು ನ್ಯಾಯಾಧೀಶರಿಗೆ ಹೋಗುವುದಿಲ್ಲ, ಸಹಿಯಾದ ಒಪ್ಪಂದ ಮಾತ್ರ ಹೋಗುತ್ತದೆ.

‘ಅವ್ವ ಬೇಕೋ ಅಪ್ಪ ಬೇಕೋ’ ಎಂದು ಅತ್ತೆ, ಕಾಕಾ, ಪಕ್ಕದ ಮನೆಯವರು ಎಲ್ಲರೂ ಕೇಳಿದ್ದರು. ಆ ಮೇಡಂ ಮಾತ್ರ, ‘ಸೋಮವಾರ ಮುಂಜಾನೆ ನಿನಗೇನು ತ್ರಾಸ ಆಗ್ತದ?’ ಎಂದು ಕೇಳಿದರು. ಹೇಳಿದೆ: ಭಾನುವಾರ ರಾತ್ರಿ ಹತ್ತಕ್ಕೆ ಮನೆಗೆ ಬರುತ್ತೇನೆ, ಹೋಮ್‌ವರ್ಕ್ ಆಗಿರುವುದಿಲ್ಲ, ಒಂದು ಪುಸ್ತಕ ಧಾರವಾಡದಲ್ಲೇ ಉಳಿದಿರುತ್ತದೆ. ಒಪ್ಪಂದದ ಅರ್ಧ ಭಾಗ ಈ ಉತ್ತರದಿಂದ ಹುಟ್ಟಿತು. ಎರಡನೇ ಮತ್ತು ನಾಲ್ಕನೇ ಶನಿವಾರ ಶಾಲೆ ಬಿಟ್ಟ ಮೇಲೆ ಅಪ್ಪ ಶಾಲೆಯ ಗೇಟಿನಿಂದಲೇ ಕರೆದೊಯ್ಯಬೇಕು, ಭಾನುವಾರ ಸಂಜೆ 5ಕ್ಕೆ ವಾಪಸ್ ಬಿಡಬೇಕು. ಬರಲಾಗದಿದ್ದರೆ ಎರಡು ದಿನ ಮುಂಚೆ ತಿಳಿಸಬೇಕು. ದಸರಾ ರಜೆ ಅರ್ಧರ್ಧ. ದೀಪಾವಳಿ ಒಂದು ವರ್ಷ ಅಲ್ಲಿ, ಮರುವರ್ಷ ಇಲ್ಲಿ.

ಖರ್ಚಿನ ಲೆಕ್ಕವನ್ನೂ ಹೀಗೆಯೇ ಬಿಡಿಸಿದರು. ಅಪ್ಪನ ಸಂಬಳ 27,000, ಅವ್ವನದು 18,000, ಅಂದರೆ 3:2. ನನ್ನ ಖರ್ಚು ವರ್ಷಕ್ಕೆ 1,08,000 ಎಂದು ಇಬ್ಬರೂ ಒಪ್ಪಿದರು. ಅಪ್ಪನ ಪಾಲು 64,800. ಅದರಲ್ಲಿ 16,800 ಶಾಲೆಯ ಫೀ, ಜೂನ್‌ನಲ್ಲಿ ನೇರವಾಗಿ ಶಾಲೆಗೆ. ಉಳಿದ 48,000 ತಿಂಗಳಿಗೆ 4,000ದಂತೆ 5ನೇ ತಾರೀಕಿನೊಳಗೆ ಅವ್ವನ ಖಾತೆಗೆ. ಅವ್ವನ ಪಾಲು ಮನೆಯ ಊಟ, ಬಟ್ಟೆಯಲ್ಲೇ ಹೋಗುತ್ತಿತ್ತು. ಅದನ್ನು ಹಣವಾಗಿ ಎಣಿಸಿದ್ದು ನನಗೆ ಇಂದಿಗೂ ಸರಿ ಅನಿಸುತ್ತದೆ, ಏಕೆಂದರೆ ಸಾಮಾನ್ಯವಾಗಿ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಆಸ್ಪತ್ರೆಯ ದೊಡ್ಡ ಬಿಲ್ಲು ಬಂದರೆ 3:2. ಪ್ರತಿ ಜೂನ್‌ಗೆ ಶೇ 10 ಏರಿಕೆ.

ಇದು ಎಲ್ಲರಿಗೂ ಹೊಂದುತ್ತದೆ ಎನ್ನಲಾರೆ. ಹೊಡೆತಕ್ಕೆ ಹೆದರಿದ ಹೆಂಗಸನ್ನು ಹೊಡೆದವನ ಎದುರಿಗೆ ಕೂಡಿಸಿ ‘ಮಾತಾಡಿಕೊಳ್ಳಿ’ ಎಂದರೆ ಅದು ಒಪ್ಪಂದವಲ್ಲ, ಒತ್ತಡ. ಆದಾಯ ಮುಚ್ಚಿಟ್ಟರೆ 3:2 ಎಂಬ ಅನುಪಾತವೇ ಸುಳ್ಳಾಗುತ್ತದೆ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ರಜನೀಶ್–ನೇಹಾ ಪ್ರಕರಣದಲ್ಲಿ ಹೇಳಿದ್ದು ಇದಕ್ಕೇ.

ಮಗು ಬೆಳೆಯುತ್ತದೆ ಎಂಬುದನ್ನೂ ಕಾಗದ ಮರೆಯಬಾರದು. ಮಕ್ಕಳ ಪಾಲನೆ, ಶಿಕ್ಷಣದ ಆದೇಶಗಳನ್ನು ಮುಂದೆ ಬದಲಿಸಲು ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಲ್ಲಿ ಅವಕಾಶವಿದೆ. ನಾವು ಕೋರ್ಟಿಗೆ ಹೋಗಲಿಲ್ಲ. ಒಂಬತ್ತನೇ ಕ್ಲಾಸಿಗೆ ಬಂದಾಗ ‘ಚಿಗರಿ’ ಬಸ್ಸು ಓಡತೊಡಗಿತ್ತು. ‘ನಾ ಒಬ್ಬನ ಹೋಗಿ ಬರ್ತೀನಿ’ ಎಂದೆ, ಇಬ್ಬರೂ ಒಪ್ಪಿದರು. ಗೇಟಿನ ಬಳಿ ಕಾಯುವುದು ಅಲ್ಲಿಗೆ ಮುಗಿಯಿತು.

ಹಣ 18 ವರ್ಷದವರೆಗೆ ಎಂದು ಕರಡಿನಲ್ಲಿತ್ತು. ಸಹಿ ಮಾಡುವ ಮುನ್ನ ಮೇಡಂ, ‘ಪಿಯುಸಿ ಆದ ಮ್ಯಾಲೆ?’ ಎಂದರಂತೆ. ಇಬ್ಬರೂ ಸುಮ್ಮನೆ ಕೂತರಂತೆ. ಆಮೇಲೆ ಆ ಸಾಲು ಹೊಡೆದು ‘ಮೊದಲ ಪದವಿ ಮುಗಿಯುವವರೆಗೆ’ ಎಂದು ಬರೆಸಿದರು. ಪೋಷಕರ ಒಪ್ಪಂದಕ್ಕೆ ಕಾದಿರುವ ಪಿಯು ಗೆಳೆಯರಿದ್ದರೆ, ಈ ಒಂದು ಸಾಲು ಇದೆಯೇ ನೋಡಲು ಹೇಳಿ. ನನ್ನ ಬಿಇ ಪ್ರವೇಶದ ಫೀ ಕಟ್ಟುವಾಗ ಯಾರೂ ಯಾರಿಗೂ ಫೋನ್ ಮಾಡಿ ಜಗಳವಾಡಲಿಲ್ಲ. ರಸೀದಿಯ ಫೋಟೊ ಇಬ್ಬರಿಗೂ ಕಳಿಸಿದೆ. ಅಪ್ಪನ ಪಾಲು ಮರುದಿನ ಬಂತು.