ಪ್ರಾಜೆಕ್ಟ್ ವಿಷಯ ಕೊಟ್ಟಿಗೆಯಲ್ಲೇ ಇದೆ

ಗೋವಿನಕೋವಿ ಕಡೆಯ ಹಳ್ಳಿಗಳಿಂದ ಕಾಲೇಜಿಗೆ ಬರುವ ಪ್ರಾಣಿಶಾಸ್ತ್ರದ ಮಕ್ಕಳಿಗೆ ‘ಹೈನುಗಾರಿಕೆಯ ಸ್ಥಿತಿಗತಿ’ ಎಂಬಂಥ ವಿಷಯ ಕೊಡುವುದನ್ನು ನಿಲ್ಲಿಸಬೇಕು. ಪ್ರಶ್ನಾವಳಿ ತುಂಬಿಸಿಕೊಂಡು ಬಂದರೆ ರೈತನಿಗೆ ಗೊತ್ತಿದ್ದದ್ದೇ ಅವನಿಗೆ ವಾಪಸ್ಸು ಬರುತ್ತದೆ. ಅವನ ಕಣ್ಣಿಗೆ ಕಾಣದ ಒಂದು ಸಂಗತಿಯನ್ನು ಹುಡುಕಿ ಕೊಡಲಿ. ಅದಕ್ಕೆ ಸುಪ್ತ ಕೆಚ್ಚಲುಬಾವು ಒಳ್ಳೆಯ ವಿಷಯ.

ಈ ರೋಗದಲ್ಲಿ ಕೆಚ್ಚಲು ಊದುವುದಿಲ್ಲ, ಹಾಲು ಒಡೆದಂತೆ ಕಾಣುವುದಿಲ್ಲ, ಹಸು ಮೇವನ್ನೂ ಬಿಡುವುದಿಲ್ಲ. ಹಾಲು ಮಾತ್ರ ಕಡಿಮೆಯಾಗುತ್ತದೆ, ಗುಣಮಟ್ಟವೂ ಇಳಿಯುತ್ತದೆ. ಡೇರಿಯಲ್ಲಿ ದರ ಕಡಿಮೆ ಬಂದಾಗ ಮನೆಯವರು ಹಿಂಡಿಯನ್ನೋ ಮೇವನ್ನೋ ದೂರುತ್ತಾರೆ.

ಪತ್ತೆಗೆ ಬಟ್ಟೆ ಒಗೆಯುವ ಸೋಪಿನ ಪುಡಿ ಸಾಕು. ಅರ್ಧ ಲೀಟರ್ ನೀರಿಗೆ 15 ಗ್ರಾಂ ಪುಡಿ ಕರಗಿಸಿಕೊಳ್ಳಬೇಕು. ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆ ಬೇರೆ ಪಾತ್ರೆಗೆ ಹಿಂಡಿ ಚೆಲ್ಲಿ, ಆಮೇಲೆ ನಾಲ್ಕು ಮೊಲೆಗಳ ಹಾಲನ್ನು ನಾಲ್ಕು ಬಟ್ಟಲುಗಳಿಗೆ ಸ್ವಲ್ಪ ಸ್ವಲ್ಪ ಹಿಂಡಿಕೊಳ್ಳಬೇಕು. ಹಾಲಿನಷ್ಟೇ ಸೋಪಿನ ನೀರು ಬೆರೆಸಿ ಒಂದು ನಿಮಿಷ ಮೆಲ್ಲಗೆ ಆಡಿಸಿದರೆ ಫಲಿತಾಂಶ ಸಿಗುತ್ತದೆ. ಸೋಂಕು ತಗುಲಿದ ಮೊಲೆಯ ಹಾಲಿನಲ್ಲಿ ಬಿಳಿ ರಕ್ತಕಣಗಳು ಹೆಚ್ಚಿರುತ್ತವೆ. ಸೋಪು ಅವುಗಳನ್ನು ಒಡೆದಾಗ ಒಳಗಿನ ಡಿಎನ್‌ಎ ಹೊರಬಂದು ಹಾಲು ಲೋಳೆಯಂತೆ ಗಟ್ಟಿಯಾಗುತ್ತದೆ. ಒಳ್ಳೆಯ ಹಾಲು ನೀರಾಗಿಯೇ ಇರುತ್ತದೆ. 1957ರಲ್ಲಿ ಬಂದ ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಪರೀಕ್ಷೆಯ ತತ್ವವೂ ಇದೇ. ಪರೀಕ್ಷೆಗೆ ಬಳಸಿದ ಹಾಲು ಕ್ಯಾನಿಗೆ ಹೋಗಬಾರದು.

ಬಕೆಟ್ಟಿನ ಹಾಲು ತಂದು ಪರೀಕ್ಷಿಸುವುದು ಇಲ್ಲಿ ಸುಲಭವಾಗಿ ಆಗುವ ತಪ್ಪು. ಒಂದು ಮೊಲೆಯ ರೋಗ ಉಳಿದ ಮೂರರ ಒಳ್ಳೆಯ ಹಾಲಿನಲ್ಲಿ ಮರೆಯಾಗುತ್ತದೆ. ಒಂದು ಎಚ್‌ಎಫ್ ಹಸುವಿನ ಹಿಂದಿನ ಬಲ ಮೊಲೆಯ ಹಾಲು ಲೋಳೆಯಾಗಿ, ಉಳಿದ ಮೂರು ನೀರಾಗಿಯೇ ಇದ್ದವು ಎನ್ನಿ. ಆ ಮೊಲೆಯನ್ನು ಅನುಮಾನಿಸಬೇಕು. ನಾಲ್ಕೂ ಒಂದೇ ಸಮ ಗಟ್ಟಿಯಾದರೆ ಮೊದಲು ಹಸು ಯಾವಾಗ ಕರು ಹಾಕಿತು ಎಂದು ಕೇಳಿ. ಗಿಣ್ಣು ಹಾಲಿನ ದಿನಗಳಲ್ಲಿ ಮತ್ತು ಹಾಲು ಬತ್ತುವ ಹೊತ್ತಿನಲ್ಲಿ ರೋಗವಿಲ್ಲದೆಯೂ ಹೀಗಾಗುತ್ತದೆ.

ಒಬ್ಬ ವಿದ್ಯಾರ್ಥಿಗೆ 15 ಹಸು, ಅಂದರೆ 60 ಮೊಲೆ ಸಾಕು. ಹದಿನೈದು ದಿನ ಬಿಟ್ಟು ಅವನ್ನೇ ಮತ್ತೆ ನೋಡಲಿ. ಜೊತೆಗೆ ಕರೆದ ಕೂಡಲೇ ಹಸು ಎಲ್ಲಿ ಮಲಗುತ್ತದೆ ಎಂಬುದನ್ನು ಬರೆದುಕೊಳ್ಳಲಿ. ಕರೆದ ಮೇಲೆ ಮೊಲೆಯ ರಂಧ್ರ ಮುಚ್ಚಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಗಲೇ ಸಗಣಿ ಗಂಜಲದಲ್ಲಿ ಮಲಗಿದರೆ ಸೋಂಕಿಗೆ ದಾರಿ. ಕರೆದ ನಂತರ ಮೇವು ಹಾಕಿ ಅರ್ಧ ಗಂಟೆ ನಿಲ್ಲಿಸುವ ಮನೆಗಳನ್ನೂ ನಿಲ್ಲಿಸದ ಮನೆಗಳನ್ನೂ ಹೋಲಿಸಬಹುದು. ಇಷ್ಟು ಕಡಿಮೆ ಹಸುಗಳಿಂದ ತಾಲ್ಲೂಕಿನ ಲೆಕ್ಕ ಹೇಳಲಾಗದು ಎಂದು ವರದಿಯಲ್ಲಿ ಬರೆಯಲೇಬೇಕು.

ಯಾವ ರೋಗಾಣು, ಯಾವ ಔಷಧಿ ಎಂದು ಈ ಪರೀಕ್ಷೆ ಹೇಳುವುದಿಲ್ಲ. ಅದು ಪಶುವೈದ್ಯರ ಕೆಲಸ. ವಿದ್ಯಾರ್ಥಿ ಆ್ಯಂಟಿಬಯೋಟಿಕ್ ಹೆಸರು ಹೇಳಕೂಡದು. ವರದಿಯಲ್ಲಿ ಮನೆಯವರ ಹೆಸರೂ ಬೇಡ. ಡೇರಿಯಲ್ಲಿ ಹಾಲು ಬೇಡವೆಂದಾರು ಎಂಬ ಭಯ ಹುಟ್ಟಿದರೆ ಮತ್ತೆ ಯಾರೂ ಕೊಟ್ಟಿಗೆಗೆ ಬಿಟ್ಟುಕೊಳ್ಳುವುದಿಲ್ಲ. ಅಧ್ಯಾಪಕರೇ, ವರದಿಗೆ ಅಂಕ ಹಾಕುವ ಮುನ್ನ ಯಾವ ಮೊಲೆಯಲ್ಲಿ ತೊಂದರೆಯಿದೆ ಎಂಬುದು ಆ ಹಸುವಿನ ಮನೆಯವರಿಗೆ ತಿಳಿದಿದೆಯೇ ಎಂದು ದಯವಿಟ್ಟು ವಿಚಾರಿಸಿ.