ಸೋತ ಹಣಕ್ಕೆ ಲೆಕ್ಕವಿಲ್ಲ, ಹಾಕಿದ ಹಣಕ್ಕೆ ಇದೆ

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿದ ಬೆನ್ನಲ್ಲೇ, ದುಡ್ಡು ಕಟ್ಟಿ ಆಡುವ ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್‌ಗಳನ್ನು ದೊಡ್ಡ ಕಂಪನಿಗಳು ತಾವೇ ನಿಲ್ಲಿಸಿದವು. ಆಟ ನಿಂತಿತು, ಆದರೆ ತೆರಿಗೆಯ ಲೆಕ್ಕ ನಿಲ್ಲಲಿಲ್ಲ. ಆ ವರ್ಷದ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಗೆದ್ದದ್ದನ್ನು 2025–26ನೇ ಹಣಕಾಸು ವರ್ಷದ ರಿಟರ್ನ್‌ನಲ್ಲಿ ತೋರಿಸಬೇಕು. ಅದಕ್ಕೂ ಹಿಂದಿನ ವರ್ಷಗಳ ಗೆಲುವನ್ನು ತೋರಿಸದೆ ಬಿಟ್ಟವರಿಗೆ ಈಗಲೂ ನೋಟಿಸ್ ಬರಬಹುದು. ಹಳೇ ಮದ್ರಾಸ್ ರಸ್ತೆಯುದ್ದಕ್ಕೂ ಗೋದಾಮು, ಕಾರ್ಖಾನೆಗಳು ಎದ್ದಿರುವ ಹೊಸಕೋಟೆಯಂಥ ಊರಿನಲ್ಲಿ, ಶಿಫ್ಟ್ ಮುಗಿಸಿ ಮೊಬೈಲ್‌ನಲ್ಲಿ ಆಡುತ್ತಿದ್ದ ಹುಡುಗರು ಕೇಳುವ ಪ್ರಶ್ನೆ ಒಂದೇ: ‘ಒಟ್ಟಾರೆ ನಾನು ಸೋತವನು. ನನಗೆಂಥಾ ಟ್ಯಾಕ್ಸು?’

ಪ್ರಶ್ನೆ ನ್ಯಾಯವಾದದ್ದೇ. ಆದರೆ ನಮ್ಮ ಕಾನೂನು ಅದಕ್ಕೆ ಕೊಡುವ ಉತ್ತರ ಬೇರೆ. ಅದನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ಲೆಕ್ಕ ಹಾಕಿ ನೋಡೋಣ.

ಹೊಸಕೋಟೆಯ ಗೋದಾಮೊಂದರ ನೌಕರ. ಸಂಬಳ ತಿಂಗಳಿಗೆ 28,000 ರೂಪಾಯಿ, ವರ್ಷಕ್ಕೆ 3.36 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲವಾದ್ದರಿಂದ ಸಂಬಳದ ಮೇಲೆ ಅವನು ಕಟ್ಟುವಂಥದ್ದು ಏನೂ ಇಲ್ಲ. ಏಪ್ರಿಲ್ 1ರಂದು ಅವನ ರಮ್ಮಿ ಆಪ್‌ನ ವ್ಯಾಲೆಟ್‌ನಲ್ಲಿ 2,000 ರೂಪಾಯಿ ಇತ್ತು. ಮುಂದಿನ ಎರಡು ತಿಂಗಳಲ್ಲಿ 40,000 ಹಾಕಿದ. ಜೂನ್‌ನಲ್ಲಿ 60,000 ತೆಗೆದ. ತೆಗೆದ ಹಣದಿಂದ ಹಾಕಿದ ಹಣವನ್ನೂ ವರ್ಷದ ಆರಂಭದ ಬಾಕಿಯನ್ನೂ ಕಳೆದರೆ ಉಳಿಯುವುದು 18,000. ಇದೇ ‘ನಿವ್ವಳ ಗೆಲುವು’. ಅದರ ಶೇ 30, ಅಂದರೆ 5,400 ರೂಪಾಯಿಯನ್ನು ಕಂಪನಿ ಟಿಡಿಎಸ್ ಹಿಡಿದುಕೊಂಡೇ ಬಾಕಿಯನ್ನು ಅವನ ಬ್ಯಾಂಕ್ ಖಾತೆಗೆ ಹಾಕಿತು. ಅದೇ ವರ್ಷ ಇನ್ನೊಂದು ಕಂಪನಿಯ ಫ್ಯಾಂಟಸಿ ಕ್ರಿಕೆಟ್ ಆಪ್‌ಗೆ ಐಪಿಎಲ್ ಹೊತ್ತಿನಲ್ಲಿ 50,000 ಹಾಕಿದ್ದ. ಮರಳಿ ಬಂದದ್ದು 10,000 ಮಾತ್ರ.

ಎರಡೂ ಆಪ್ ಸೇರಿಸಿದರೆ ಅವನು ಕಳೆದುಕೊಂಡದ್ದು 22,000. ಆದರೂ ತೆರಿಗೆ ಇದೆ. 18,000ಕ್ಕೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್, ಒಟ್ಟು 5,616 ರೂಪಾಯಿ. ಟಿಡಿಎಸ್‌ನಲ್ಲಿ ಸೆಸ್ ಸೇರಿಲ್ಲದ ಕಾರಣ ಇನ್ನೂ 216 ರೂಪಾಯಿ ಕೈಯಿಂದ ಕಟ್ಟಬೇಕು. ಸಂಬಳ ತೆರಿಗೆ ಮಿತಿಯ ಒಳಗಿದೆ ಎಂಬುದು ಇಲ್ಲಿ ನೆರವಿಗೆ ಬರುವುದಿಲ್ಲ. ಗೆಲುವಿಗೆ ಮೂಲ ವಿನಾಯಿತಿಯೂ ಇಲ್ಲ, 87ಎ ರಿಯಾಯಿತಿಯೂ ಇಲ್ಲ. ಕ್ರಿಕೆಟ್ ಆಪ್‌ನಲ್ಲಿ ಹೋದ 40,000ವನ್ನು ರಮ್ಮಿಯ ಗೆಲುವಿನಿಂದ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ.

ಈಗ ಲೆಕ್ಕವನ್ನು ಸ್ವಲ್ಪ ಬದಲಿಸೋಣ. ಜುಲೈ ಮತ್ತು ಆಗಸ್ಟ್‌ನಲ್ಲಿ ಅವನು ಅದೇ ರಮ್ಮಿ ಆಪ್‌ಗೆ ಮತ್ತೆ 30,000 ಹಾಕಿ ಪೂರ್ತಿ ಸೋತ ಎಂದುಕೊಳ್ಳಿ. ವರ್ಷದ ಕೊನೆಗೆ ವ್ಯಾಲೆಟ್ ಖಾಲಿ. ತೆಗೆದದ್ದು 60,000. ಹಾಕಿದ್ದು 70,000, ಆರಂಭದ ಬಾಕಿ 2,000. ಕಳೆದರೆ ಋಣ ಸಂಖ್ಯೆ ಬರುತ್ತದೆ, ಹಾಗಾಗಿ ಇಡೀ ವರ್ಷದ ನಿವ್ವಳ ಗೆಲುವು ಸೊನ್ನೆ. ಜೂನ್‌ನಲ್ಲಿ ಹಿಡಿದ 5,400 ರೂಪಾಯಿಯನ್ನು ಅವನು ರಿಟರ್ನ್ ಸಲ್ಲಿಸಿ ವಾಪಸ್ ಕೇಳಬಹುದು. ಒಂದೇ ಆಪ್‌ನೊಳಗಿನ ಸೋಲು ಹೀಗೆ ಲೆಕ್ಕಕ್ಕೆ ಬರುತ್ತದೆ. ಆದರೆ ‘ಸೋಲು’ ಎಂಬ ಹೆಸರಿನಲ್ಲಿ ಅಲ್ಲ, ‘ಹಾಕಿದ ಹಣ’ದ ರೂಪದಲ್ಲಿ. ಎಷ್ಟು ಕೈ ಸೋತೆ, ಎಷ್ಟು ಕೈ ಗೆದ್ದೆ ಎಂಬುದನ್ನು ಇಲಾಖೆ ಕೇಳುವುದಿಲ್ಲ. ಅದು ಕೇಳುವುದು ನಾಲ್ಕು ಸಂಖ್ಯೆಗಳನ್ನು: ಏಪ್ರಿಲ್ 1ರ ಬಾಕಿ, ವರ್ಷವಿಡೀ ಹಾಕಿದ್ದು, ವರ್ಷವಿಡೀ ತೆಗೆದದ್ದು, ಮಾರ್ಚ್ 31ರ ಬಾಕಿ. 2023ರಲ್ಲಿ ಬಂದ 115ಬಿಬಿಜೆ ಮತ್ತು 194ಬಿಎ ಸೆಕ್ಷನ್‌ಗಳು ಹಾಗೂ ಆದಾಯ ತೆರಿಗೆ ನಿಯಮ 133 ನಿಂತಿರುವುದು ಈ ನಾಲ್ಕರ ಮೇಲೆಯೇ.

ದಾಖಲೆಯ ತೊಡಕು ಶುರುವಾಗುವುದು ಇಲ್ಲಿಂದ. ಕೇವಲ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡರೆ ಸಾಕೆಂದು ಅನೇಕರು ನಂಬಿದ್ದಾರೆ. ಅದರಲ್ಲಿ ಹೋದದ್ದು, ಬಂದದ್ದು ಕಾಣುತ್ತದೆ. ವ್ಯಾಲೆಟ್‌ನ ಆರಂಭದ ಮತ್ತು ಅಂತ್ಯದ ಬಾಕಿ ಕಾಣುವುದಿಲ್ಲ. ಬೋನಸ್ಸೂ ಕಾಣುವುದಿಲ್ಲ. ಸ್ನೇಹಿತನನ್ನು ಸೇರಿಸಿದ್ದಕ್ಕೆ ಆಪ್ ಕೊಟ್ಟ ಹಣ ಆಟಗಾರನ ಜೇಬಿನಿಂದ ಬಂದದ್ದಲ್ಲ, ಆದ್ದರಿಂದ ಅದನ್ನು ಹಾಕಿದ ಹಣ ಎಂದು ಕಳೆಯಲಾಗದು. ಸಾಲ ಮಾಡಿ ಹಾಕಿದ ಹಣವಾದರೆ ಕಳೆಯಬಹುದು. ಆ ಸಾಲಕ್ಕೆ ಕಟ್ಟಿದ ಬಡ್ಡಿಯನ್ನು ಕಳೆಯಲಾಗದು. ಹಾಗಾಗಿ ಬೇಕಾದದ್ದು ಆಪ್‌ನ ವ್ಯಾಲೆಟ್ ಲೆಡ್ಜರ್. ಅದರ ಪ್ರತಿ ಸಾಲನ್ನು ಬ್ಯಾಂಕ್ ಅಥವಾ ಯುಪಿಐ ದಾಖಲೆಯೊಂದಿಗೆ ತಾಳೆ ನೋಡಬೇಕು. ಜೊತೆಗೆ ಕಂಪನಿ ಕೊಡುವ ಫಾರ್ಮ್ 16ಎ ಇರಬೇಕು. ಇವಿಷ್ಟನ್ನೂ ಇಲಾಖೆಯ ಪೋರ್ಟಲ್‌ನಲ್ಲಿರುವ 26ಎಎಸ್ ಮತ್ತು ಎಐಎಸ್ ಪಟ್ಟಿಗಳೊಂದಿಗೆ ಹೋಲಿಸಬೇಕು. ಆ ಪಟ್ಟಿಯಲ್ಲಿ 18,000 ಗೆಲುವೆಂದು ನಮೂದಾಗಿದ್ದು, ರಿಟರ್ನ್‌ನಲ್ಲಿ ಅದರ ಸುಳಿವೇ ಇಲ್ಲದಿದ್ದರೆ ನೋಟಿಸ್ ಖಚಿತ. ಸಂಬಳದಾರರು ರೂಢಿಯಿಂದ ತುಂಬುವ ಐಟಿಆರ್-1ರಲ್ಲಿ ಈ ಆದಾಯಕ್ಕೆ ಜಾಗವೇ ಇಲ್ಲ, ಐಟಿಆರ್-2 ಬೇಕು.

ಈ ಕೆಲಸಕ್ಕೆ ಗಡುವೂ ಇದೆ. 2025–26ರ ಲೆಕ್ಕಕ್ಕೆ ತಡವಾದ ರಿಟರ್ನ್ ಸಲ್ಲಿಸಲು ಕೊನೆಯ ದಿನ 2026ರ ಡಿಸೆಂಬರ್ 31. ಆಮೇಲೆ ಸಾಮಾನ್ಯವಾಗಿ ಉಳಿಯುವುದು ಅಪ್‌ಡೇಟೆಡ್ ರಿಟರ್ನ್ ಮಾತ್ರ. ಅದರಲ್ಲಿ ಹೆಚ್ಚುವರಿ ತೆರಿಗೆ ಕಟ್ಟಬಹುದೇ ಹೊರತು ರಿಫಂಡ್ ಕೇಳುವಂತಿಲ್ಲ. ನಮ್ಮ ಗೋದಾಮಿನ ನೌಕರನ 5,400 ರೂಪಾಯಿ ಅಲ್ಲಿಗೆ ಮುಳುಗಿದಂತೆ. ಮುಚ್ಚಿದ ಆಪ್‌ನ ಲೆಡ್ಜರ್ ಎಷ್ಟು ಕಾಲ ಕೈಗೆ ಸಿಗುತ್ತದೆ ಎಂಬ ಭರವಸೆ ಇಲ್ಲ. ಇಲಾಖೆಯ ಕೈ ಮಾತ್ರ ಅಸೆಸ್‌ಮೆಂಟ್ ವರ್ಷ ಮುಗಿದ ಮೂರು ವರ್ಷಗಳ ತನಕವೂ ಚಾಚುತ್ತದೆ. ದೊಡ್ಡ ಮೊತ್ತವಾದರೆ ಇನ್ನೂ ಮುಂದಕ್ಕೆ.

ಇದಕ್ಕಿಂತ ಅಪಾಯದ ಸ್ಥಿತಿ ವಿದೇಶಿ ಬೆಟ್ಟಿಂಗ್ ಸೈಟುಗಳಿಗೆ ಹೋದವರದು. ಅಲ್ಲಿ ಟಿಡಿಎಸ್ ಇಲ್ಲದಿರಬಹುದು, ತೆರಿಗೆ ಇದ್ದೇ ಇದೆ. ಆದಾಯದ ಮೂಲ ಕಾನೂನುಬಾಹಿರ ಎಂಬ ಕಾರಣಕ್ಕೆ ತೆರಿಗೆ ತಪ್ಪುವುದಿಲ್ಲ. ಹಣ ಹೋಗುವುದು ಯಾರದೋ ಅಪರಿಚಿತರ ಯುಪಿಐ ಐಡಿಗೆ, ಬರುವುದು ಮತ್ಯಾರದೋ ಖಾತೆಯಿಂದ. ಹೋದದ್ದು ಆಟಕ್ಕೆ ಹಾಕಿದ ಹಣ ಎಂದು ಸಾಬೀತು ಮಾಡಲು ಆಗದಿದ್ದರೆ, ಬಂದದ್ದಷ್ಟೂ ವಿವರಣೆ ಇಲ್ಲದ ಹಣವಾಗುತ್ತದೆ. 1961ರ ಕಾಯ್ದೆಯಡಿ ಅದರ ಮೇಲಿನ ತೆರಿಗೆ ಸರ್‌ಚಾರ್ಜ್, ಸೆಸ್ ಸೇರಿ ಶೇ 78.

ಬೇರೆ ದೇಶಗಳು ಇದೇ ಗೆಲುವನ್ನು ನೋಡುವ ಬಗೆಯೇ ಬೇರೆ. ಬ್ರಿಟನ್‌ನಲ್ಲಿ ಆಡುವವನ ಗೆಲುವಿಗೆ ಆದಾಯ ತೆರಿಗೆ ಇಲ್ಲ. ಅಲ್ಲಿನ ಕಾನೂನಿನಲ್ಲಿ ಆದಾಯಕ್ಕೆ ಒಂದು ಮೂಲ ಬೇಕು: ಉದ್ಯೋಗ, ವ್ಯಾಪಾರ, ಆಸ್ತಿ. ನಿತ್ಯ ಕುದುರೆ ಬೆಟ್ ಕಟ್ಟಿಯೇ ಬದುಕುತ್ತಿದ್ದವನದೂ ವ್ಯಾಪಾರವಲ್ಲ ಎಂದು 1925ರ ಗ್ರಹಾಂ–ಗ್ರೀನ್ ಪ್ರಕರಣದಲ್ಲಿ ನ್ಯಾಯಾಲಯ ಹೇಳಿತು. ಇದರ ಹಿಂದೆ ವ್ಯಾವಹಾರಿಕ ಜಾಣತನವೂ ಇದೆ. ಗೆದ್ದವನಿಗೆ ತೆರಿಗೆ ಹಾಕಿದರೆ ಸೋತವನ ನಷ್ಟವನ್ನೂ ಒಪ್ಪಬೇಕಾಗುತ್ತದೆ. ಆಡುವವರೆಲ್ಲರನ್ನೂ ಸೇರಿಸಿ ನೋಡಿದರೆ ಸೋಲೇ ಹೆಚ್ಚು, ಆದ್ದರಿಂದ ಬೊಕ್ಕಸಕ್ಕೇ ನಷ್ಟ. ಖಚಿತವಾಗಿ ಗೆಲ್ಲುವವನು ಆಡಿಸುವವನು. ಹಾಗಾಗಿ ಬ್ರಿಟನ್ 2001ರಲ್ಲಿ ಬೆಟ್ಟಿಂಗ್ ಸುಂಕವನ್ನು ಕಟ್ಟಿದ ಹಣದ ಮೇಲಿನಿಂದ ತೆಗೆದು ಬುಕ್ಕಿಗಳ ಒಟ್ಟು ಲಾಭದ ಮೇಲೆ ಹಾಕಿತು. ಕೋಟಿಗಟ್ಟಲೆ ಆಟಗಾರರ ಲೆಕ್ಕ ಹಿಡಿಯುವ ಬದಲು ಕೆಲವೇ ಕಂಪನಿಗಳ ಲೆಕ್ಕ ಹಿಡಿದರೆ ಸಾಕಾಯಿತು.

ಅಮೆರಿಕದ ದಾರಿ ಇದಕ್ಕೆ ವಿರುದ್ಧ. ಎಲ್ಲಿಂದ ಬಂದರೂ ಸಂಪತ್ತು ಹೆಚ್ಚಿದರೆ ಅದು ಆದಾಯ. ಗೆದ್ದದ್ದೆಲ್ಲ ಸಂಬಳದ ಜೊತೆಗೆ ಸೇರುತ್ತದೆ. ಆದರೆ ಖರ್ಚುಗಳನ್ನು ವಿವರವಾಗಿ ಪಟ್ಟಿ ಮಾಡಿ ಸಲ್ಲಿಸುವವರು ಆ ವರ್ಷದ ಸೋಲನ್ನು ಗೆಲುವಿನ ಮಿತಿಯವರೆಗೆ ಕಳೆಯಬಹುದು, ಎಲ್ಲಿ ಆಡಿದ್ದರೂ ಸರಿ. ಅದಕ್ಕೆ ಪ್ರತಿಯಾಗಿ ಅಲ್ಲಿನ ಇಲಾಖೆ ದಿನಚರಿ ಕೇಳುತ್ತದೆ: ದಿನಾಂಕ, ಆಟದ ಬಗೆ, ಆಡಿದ ಸ್ಥಳ, ಜೊತೆಗಿದ್ದವರು, ಗೆದ್ದ ಮತ್ತು ಸೋತ ಮೊತ್ತ. 2026ರಿಂದ ಅಲ್ಲಿಯೂ ಬಿಗಿಯಾಗಿದೆ. ಸೋಲಿನ ಶೇ 90 ಮಾತ್ರ ಕಳೆಯಬಹುದು. ಒಂದು ಲಕ್ಷ ಡಾಲರ್ ಗೆದ್ದು ಒಂದು ಲಕ್ಷ ಸೋತವನೂ ಕೈಗೆ ಬಾರದ 10,000 ಡಾಲರ್‌ಗೆ ತೆರಿಗೆ ಕಟ್ಟಬೇಕು.

ಭಾರತ ಎರಡರ ನಡುವೆಯೂ ನಿಲ್ಲಲಿಲ್ಲ. 1972ರವರೆಗೆ ಲಾಟರಿಯಂಥ ಆಕಸ್ಮಿಕ ಪ್ರಾಪ್ತಿಗೆ ಇಲ್ಲಿ ವಿನಾಯಿತಿ ಇತ್ತು. ಆ ವರ್ಷದ ಹಣಕಾಸು ಕಾಯ್ದೆ ಲಾಟರಿ, ಕುದುರೆ ರೇಸು, ಇಸ್ಪೀಟಿನ ಗೆಲುವನ್ನು ಆದಾಯವೆಂದು ಕರೆಯಿತು. ಬಳಿಕ ಅದರ ಎದುರು ಯಾವ ಖರ್ಚನ್ನೂ ಕಳೆಯುವಂತಿಲ್ಲ ಎಂಬ ನಿಯಮವೂ ಬಂತು. ಆದಾಯವೆಂದು ಎಣಿಸುವಾಗ ಅಮೆರಿಕದ ತತ್ವ, ಸೋಲನ್ನು ಬಿಟ್ಟುಬಿಡುವಾಗ ಬ್ರಿಟನ್‌ನ ತತ್ವ. ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲಿ ಇದರ ಪರಿಣಾಮ ಎದ್ದು ಕಾಣುತ್ತದೆ. ರೇಸ್ ಕುದುರೆ ಸಾಕುವ ಮಾಲೀಕ ಅದರ ನಷ್ಟವನ್ನು ನಾಲ್ಕು ವರ್ಷಗಳವರೆಗೆ ಮುಂದಕ್ಕೆ ಒಯ್ದು ಅದೇ ಮೂಲದ ಆದಾಯದಿಂದ ಕಳೆಯಬಹುದು. ಅದೇ ಕುದುರೆಯ ಮೇಲೆ ಟಿಕೆಟ್ ಕೊಂಡು ಸೋತವನಿಗೆ ಆ ದಿನದ ನಷ್ಟವೂ ಲೆಕ್ಕಕ್ಕಿಲ್ಲ.

ಸೋಲನ್ನು ಒಪ್ಪಿದರೆ ಜೂಜಿಗೆ ಕುಮ್ಮಕ್ಕು ಕೊಟ್ಟಂತೆ ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಸಂಬಳದಿಂದ ಸೋಲನ್ನು ಕಳೆಯಲು ಬಿಡಬಾರದು ಎಂಬಷ್ಟಕ್ಕೆ ಅದು ಸರಿ. ಒಬ್ಬನ ಸೋಲಿಗೆ ಬೊಕ್ಕಸ ಪಾಲು ಕೊಡಬೇಕಿಲ್ಲ. ಆದರೆ ಒಂದು ಆಪ್‌ನ ಗೆಲುವಿನಿಂದ ಇನ್ನೊಂದರ ಸೋಲನ್ನು ಅದೇ ವರ್ಷದೊಳಗೆ ಕಳೆಯಲು ಬಿಟ್ಟರೆ ಯಾರಿಗೂ ಲಾಭ ಮಾಡಿಕೊಟ್ಟಂತಾಗದು. ಇಲ್ಲದ ಆದಾಯದ ಮೇಲೆ ತೆರಿಗೆ ಹಾಕುವುದು ತಪ್ಪುತ್ತದೆ, ಅಷ್ಟೆ. ನಿಯಮ 133 ಒಂದು ಆಪ್‌ನೊಳಗೆ ಈ ತತ್ವವನ್ನು ಈಗಾಗಲೇ ಒಪ್ಪಿದೆ. ಅದೇ ಸೂತ್ರವನ್ನು ಒಬ್ಬ ವ್ಯಕ್ತಿಯ ಎಲ್ಲ ಖಾತೆಗಳಿಗೂ ಹಬ್ಬಿಸಲು ಹೊಸ ಲೆಕ್ಕಪದ್ಧತಿ ಬೇಕಿಲ್ಲ.

ದೇಶಗಳ ನಡುವಿನ ಈ ವ್ಯತ್ಯಾಸ ಹೊರದೇಶದಿಂದ ಊರಿಗೆ ಮರಳುವ ಹೊಸಕೋಟೆಯವರಿಗೂ ತಟ್ಟುತ್ತದೆ. ಲಂಡನ್‌ನಲ್ಲಿ ನೆಲೆಸಿರುವ ಕನ್ನಡಿಗ ಅಲ್ಲಿನ ಬೆಟ್ಟಿಂಗ್ ಖಾತೆಯಲ್ಲಿ ಗೆದ್ದರೆ ಅಲ್ಲೂ ತೆರಿಗೆ ಇಲ್ಲ, ಇಲ್ಲೂ ಇಲ್ಲ. ಅವನೇ ಊರಿಗೆ ಮರಳಿ ಕಾನೂನಿನ ಪ್ರಕಾರ ಇಲ್ಲಿನ ಸಾಮಾನ್ಯ ನಿವಾಸಿಯಾದ ಮೇಲೆ ಅದೇ ಖಾತೆಯಲ್ಲಿ ಗೆದ್ದರೆ ಭಾರತದಲ್ಲಿ ತೆರಿಗೆ ಕಟ್ಟಬೇಕು. ಇಂಥ ವಿದೇಶಿ ಗೆಲುವಿನ ತೆರಿಗೆಯನ್ನು ನಿರ್ಧರಿಸುವುದು ಆಟದ ಊರಲ್ಲ, ಆಡುವವನ ನಿವಾಸ.

ಸರ್ಕಾರ ಮಾಡಬೇಕಾದದ್ದು ಎರಡು. ಒಂದು, ಒಂದೇ ವರ್ಷದ ಎಲ್ಲ ಆಪ್‌ಗಳ ನಿವ್ವಳವನ್ನು ಕೂಡಿಸಿ ತೆರಿಗೆ ಹಾಕುವುದು. ಎರಡು, ಆಟ ನಿಲ್ಲಿಸಿದ ಪ್ರತಿ ಕಂಪನಿಯೂ 2023ರ ಏಪ್ರಿಲ್‌ನಿಂದ ಇತ್ತೀಚಿನ ಪೂರ್ತಿ ವ್ಯಾಲೆಟ್ ಲೆಡ್ಜರನ್ನು ಗ್ರಾಹಕನಿಗೆ ಕೊಡಬೇಕೆಂದು ಆದೇಶಿಸುವುದು. ಆಟಗಾರನಿಂದ ದಾಖಲೆ ಕೇಳುವ ಕಾನೂನು, ಆ ದಾಖಲೆ ಯಾರ ಕೈಯಲ್ಲಿದೆಯೋ ಅವರನ್ನೂ ಹೊಣೆಗಾರರನ್ನಾಗಿ ಮಾಡಬೇಕು.